ನಿವೃತ್ತರಾದ ಮೇಲೆ ಸಣ್ಣ ಊರಿಗೆ: ಖರ್ಚು, ಆಸ್ಪತ್ರೆ, ಆದಾಯ ಹಿಡಿದು ನಾಲ್ಕು ಆಯ್ಕೆಗಳ ಹೋಲಿಕೆ

ದೊಡ್ಡ ನಗರದಲ್ಲಿ ದುಡಿದು ನಿವೃತ್ತರಾಗುವವರು ಸಾಮಾನ್ಯವಾಗಿ ಒಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಮನೆ ಬಾಡಿಗೆಗೆ ಇಷ್ಟು ಹೋಗುತ್ತದೆ, ಸಣ್ಣ ಊರಿನಲ್ಲಿ ಅದರ ಅರ್ಧವೂ ಇಲ್ಲ, ಹಾಗಾದರೆ ಹೊರಟುಬಿಡೋಣ ಅಂತ. ಲೆಕ್ಕ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧದಲ್ಲಿ ಎರಡು ಪ್ರಶ್ನೆಗಳಿವೆ. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಏನು ಮಾಡುವುದು? ಬೆಲೆ ಏರುತ್ತಾ ಹೋಗಿ, ಪಿಂಚಣಿ ಇದ್ದಲ್ಲೇ ಇದ್ದರೆ ಎಷ್ಟು ವರ್ಷ ಸಾಕಾಗುತ್ತದೆ?

ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಯಾವ ಊರು ಅನ್ನುವುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಹಾಗಾಗಿ ಮೊದಲು ಅಳೆಯುವ ಕ್ರಮ ನೋಡೋಣ, ಆಮೇಲೆ ಆಯ್ಕೆಗಳಿಗೆ ಬರೋಣ.

ಖರ್ಚು ನಿಜವಾಗಿ ಎಷ್ಟು ಇಳಿಯುತ್ತದೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡನಿಗೆ 62, ಹೆಂಡತಿಗೆ 59. ನಗರದಲ್ಲಿ ಬಾಡಿಗೆ ಮನೆ. ಅವರ ಈಗಿನ ತಿಂಗಳ ಖರ್ಚನ್ನು 100 ಎಂದು ಹಿಡಿಯಿರಿ. ಇದು ಯಾವ ದೇಶದ ದುಡ್ಡೂ ಅಲ್ಲ, ಅಳತೆ ಅಷ್ಟೆ. ನಿಮ್ಮ ಖರ್ಚನ್ನೂ ಇದೇ ರೀತಿ 100ಕ್ಕೆ ಇಳಿಸಿ ನೋಡಬಹುದು.

ಆ 100ರಲ್ಲಿ ಮನೆಗೆ 35, ಊಟತಿಂಡಿಗೆ 20, ಔಷಧ, ಡಾಕ್ಟರು, ವಿಮೆ ಎಲ್ಲ ಸೇರಿ 15, ಓಡಾಟಕ್ಕೆ 10, ಉಳಿದದ್ದಕ್ಕೆ 20 ಹೋಗುತ್ತದೆ. ಸ್ವಂತ ಆಸ್ಪತ್ರೆ ಇರುವ ಒಂದು ಮಧ್ಯಮ ಗಾತ್ರದ ಊರಿಗೆ ಹೋದರೆ ಮನೆಯ 35 ಇಳಿದು 14 ಆಗುತ್ತದೆ ಅಂದುಕೊಳ್ಳೋಣ. ದೊಡ್ಡ ಉಳಿತಾಯ ಇದೇ. ಊಟತಿಂಡಿ 20ರಿಂದ 17ಕ್ಕೆ ಬರುತ್ತದೆ, ಉಳಿದದ್ದು 20ರಿಂದ 17ಕ್ಕೆ. ಆದರೆ ಓಡಾಟ 10ರಿಂದ 11ಕ್ಕೆ ಏರುತ್ತದೆ. ಊರೊಳಗಿನ ಓಡಾಟ ಕಡಿಮೆಯಾದರೂ ನಗರದ ತಜ್ಞರನ್ನು ಕಾಣಲು, ಮಕ್ಕಳನ್ನು ನೋಡಲು ಹೋಗಿಬರುವುದು ಸೇರಿಕೊಳ್ಳುತ್ತದೆ. ಆರೋಗ್ಯದ ಖರ್ಚೂ 15ರಿಂದ 18ಕ್ಕೆ ಹೋಗುತ್ತದೆ. ಔಷಧದ ಬೆಲೆ ಊರು ನೋಡಿ ಇಳಿಯುವುದಿಲ್ಲ. ನಗರದಲ್ಲಿ ಒಂದು ಪರೀಕ್ಷೆ ಮಾಡಿಸಬೇಕಾದರೆ ಜೊತೆಗೆ ಬರುವವರ ಖರ್ಚು, ಒಂದು ರಾತ್ರಿ ತಂಗುವ ಖರ್ಚು ಎಲ್ಲ ಸೇರುತ್ತದೆ.

ಒಟ್ಟು 77. ಅಂದರೆ ಅರ್ಧ ಇಳಿಯಲಿಲ್ಲ, ಕಾಲುಭಾಗಕ್ಕಿಂತ ಸ್ವಲ್ಪ ಕಡಿಮೆ ಇಳಿಯಿತು. ಇಳಿದದ್ದು ಬಹುತೇಕ ಪೂರ್ತಿ ಮನೆಯಿಂದಲೇ. ಹಾಗಾಗಿ ನಗರದಲ್ಲಿ ಸಾಲವಿಲ್ಲದ ಸ್ವಂತ ಮನೆ ಇರುವವರು ಒಂದು ವಿಷಯ ಗಮನಿಸಬೇಕು. ಬಾಡಿಗೆಯನ್ನೇ ಕಟ್ಟದವರಿಗೆ ಸಣ್ಣ ಊರಿನ ಕಡಿಮೆ ಬಾಡಿಗೆಯಿಂದ ಉಳಿಯುವುದು ಏನೂ ಇಲ್ಲ. ಅವರ ಲಾಭ ಬೇರೆ ಕಡೆಯಿಂದ ಬರಬೇಕು, ಆ ಮನೆಯನ್ನು ಬಾಡಿಗೆಗೆ ಕೊಡುವುದರಿಂದ ಇಲ್ಲವೇ ಮಾರುವುದರಿಂದ. ಅದನ್ನು ಮುಂದೆ ನೋಡೋಣ.

ಇಡುಗಂಟು ಎಷ್ಟು ವರ್ಷ ಬರುತ್ತದೆ?

ಇದೇ ದಂಪತಿಗೆ ತಿಂಗಳಿಗೆ 45 ಪಿಂಚಣಿ ಬರುತ್ತದೆ, ಅದು ಬೆಲೆ ಏರಿದಂತೆ ಏರುವುದಿಲ್ಲ. ಜೊತೆಗೆ 12,000 ಇಡುಗಂಟಿದೆ, ಅಂದರೆ ಈಗಿನ ಖರ್ಚಿನ 120 ತಿಂಗಳಷ್ಟು. ನಗರದಲ್ಲಿದ್ದರೆ ಪ್ರತಿ ತಿಂಗಳು ಇಡುಗಂಟಿನಿಂದ 55 ತೆಗೆಯಬೇಕು, ವರ್ಷಕ್ಕೆ 660. ಅದು ಇಡುಗಂಟಿನ ಶೇಕಡಾ 5.5. ಊರಿಗೆ ಹೋದರೆ ತಿಂಗಳಿಗೆ 32, ವರ್ಷಕ್ಕೆ 384, ಅಂದರೆ ಶೇಕಡಾ 3.2. ಖರ್ಚು ಕಾಲುಭಾಗ ಇಳಿದರೂ ಇಡುಗಂಟಿನ ಮೇಲಿನ ಭಾರ ಶೇಕಡಾ 40ಕ್ಕಿಂತ ಜಾಸ್ತಿ ಇಳಿಯಿತು, ನೋಡಿ. ಊರು ಬದಲಿಸುವುದರ ನಿಜವಾದ ಶಕ್ತಿ ಇದೇ.

ಆದರೆ ಇದು ಮೊದಲ ವರ್ಷದ ಚಿತ್ರ. ಬೆಲೆ ವರ್ಷಕ್ಕೆ ಶೇಕಡಾ 5 ಏರುತ್ತದೆ ಅಂದರೆ ಸುಮಾರು 14 ವರ್ಷಕ್ಕೆ ಖರ್ಚು ಎರಡು ಪಟ್ಟಾಗುತ್ತದೆ. ಊರಿನ 77 ಆಗ 154. ಪಿಂಚಣಿ ಇನ್ನೂ 45. ಪ್ರತಿ ತಿಂಗಳು ತೆಗೆಯಬೇಕಾದದ್ದು 32ರಿಂದ 109ಕ್ಕೆ ಏರಿತು. ಬೆಲೆ ಎರಡು ಪಟ್ಟಾದರೆ ಕೊರತೆ ಮೂರು ಪಟ್ಟಿಗಿಂತ ಜಾಸ್ತಿ! ಏರದ ಪಿಂಚಣಿ ಇರುವವರು ಇದನ್ನು ಕಾಗದದ ಮೇಲೆ ಬರೆದು ನೋಡಲೇಬೇಕು.

ಇಡುಗಂಟಿಗೆ ವರ್ಷಕ್ಕೆ ಶೇಕಡಾ 6 ಬರುತ್ತದೆ, ಬೆಲೆ ಶೇಕಡಾ 5 ಏರುತ್ತದೆ ಎಂದು ಹಿಡಿದರೆ, ನಗರದಲ್ಲಿ ಈ ಇಡುಗಂಟು ಹದಿನೈದೂವರೆ ವರ್ಷದ ಸುಮಾರಿಗೆ ಮುಗಿಯುತ್ತದೆ. ಊರಿನಲ್ಲಿ ಇಪ್ಪತ್ತೆರಡೂವರೆ ವರ್ಷದ ಸುಮಾರಿಗೆ. ಏಳು ವರ್ಷ ಜಾಸ್ತಿ. ಲೆಕ್ಕ ಮಾಡುವುದು ಸುಲಭ. ಪ್ರತಿ ವರ್ಷ ಉಳಿದ ಇಡುಗಂಟಿಗೆ ಬಡ್ಡಿ ಸೇರಿಸಿ, ಆ ವರ್ಷದ ಏರಿದ ಖರ್ಚಿನಲ್ಲಿ ಪಿಂಚಣಿ ಕಳೆದು ಬಂದದ್ದನ್ನು ಅದರಿಂದ ತೆಗೆಯಿರಿ. ಹೀಗೆ ಸೊನ್ನೆಯಾಗುವವರೆಗೆ ಸಾಲುಸಾಲಾಗಿ ಬರೆಯುತ್ತಾ ಹೋಗಿ. ನಿಮ್ಮಲ್ಲಿ ಬಡ್ಡಿ, ಬೆಲೆ ಏರಿಕೆ ಬೇರೆ ಇದ್ದರೆ ಆ ಅಂಕಿಗಳನ್ನೇ ಹಾಕಿ. ಪಿಂಚಣಿಯೂ ಏರುವಂಥದ್ದಾಗಿದ್ದರೆ ನಿಮ್ಮ ಉತ್ತರ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಇನ್ನೊಂದು ಮಾತು. ಆ 12,000ವನ್ನು ಪೂರ್ತಿ ಮನೆಖರ್ಚಿಗೆ ಎಂದು ಹಿಡಿಯಬಾರದು. ದೂರದ ಆಸ್ಪತ್ರೆ, ಅಲ್ಲಿ ವಾರಗಟ್ಟಲೆ ತಂಗುವುದು, ವಿಮೆ ಕೊಡದ ಖರ್ಚು ಇವಕ್ಕೆ 1,500 ಬೇರೆ ಇಟ್ಟರೆ ಊರಿನಲ್ಲಿ ಉಳಿದ ಹಣ 20 ವರ್ಷ ಬರುತ್ತದೆ. ಹೆಂಡತಿಗೆ ಆಗ 79. ಇದು ಸಾಲದು, ಆದರೆ ಎಲ್ಲಿ ಸಾಲದು ಅನ್ನುವುದು ಈಗಲೇ ಗೊತ್ತಾಯಿತಲ್ಲ.

ಆಸ್ಪತ್ರೆಯನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ

"ಊರಲ್ಲಿ ಒಳ್ಳೆ ಆಸ್ಪತ್ರೆ ಇದೆ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ ಅನ್ನುವುದು ಮುಖ್ಯ. ಚಿಕಿತ್ಸೆಗಳನ್ನು ಮೂರು ಗುಂಪು ಮಾಡಿಕೊಂಡರೆ ಊರನ್ನು ಅಳೆಯುವುದು ಸುಲಭ.

ಮೊದಲನೆಯದು ಗಂಟೆ, ನಿಮಿಷದ ಲೆಕ್ಕದವು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡು ಆಗುವ ಹೃದಯಾಘಾತದಲ್ಲಿ ನಾಳವನ್ನು ಆಂಜಿಯೋಪ್ಲಾಸ್ಟಿ ಮಾಡಿ ತೆರೆಯುವುದು ಅತ್ಯುತ್ತಮ. ಇಸಿಜಿಯಲ್ಲಿ ಗೊತ್ತಾದ 120 ನಿಮಿಷದೊಳಗೆ ಅದು ಆಗುವಂತಿದ್ದರೆ ಅದೇ ದಾರಿ. ಆಗುವಂತಿಲ್ಲವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದಲ್ಲೇ ಬೇಗ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಈ ಇಂಜೆಕ್ಷನ್ನಿನಿಂದ ಹೆಚ್ಚು ಉಪಯೋಗ. ಹಾಗಾಗಿ ನಿಮ್ಮ ಊರಿನಲ್ಲಿ ಆಂಜಿಯೋಪ್ಲಾಸ್ಟಿ ಇಲ್ಲದಿದ್ದರೂ ಊರು ಅಷ್ಟಕ್ಕೇ ಅನರ್ಹವಲ್ಲ. ರಾತ್ರಿಯೂ ಇಸಿಜಿ ತೆಗೆದು, ಓದಿ, ಆ ಇಂಜೆಕ್ಷನ್ ಕೊಡುವ ಡಾಕ್ಟರು ಇದ್ದಾರಾ ಅನ್ನುವುದು ನಿಜವಾದ ಪ್ರಶ್ನೆ.

ಪಾರ್ಶ್ವವಾಯುವಿನದು ಇನ್ನೂ ಸೂಕ್ಷ್ಮ. ಮಿದುಳಿನ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆದ ಪಾರ್ಶ್ವವಾಯುವಿಗೆ ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡುತ್ತಾರೆ. ಆದರೆ ನಾಳ ಒಡೆದು ರಕ್ತ ಸೋರಿದ್ದರೆ ಅದೇ ಔಷಧ ಪ್ರಾಣಕ್ಕೆ ಅಪಾಯ. ಎರಡರ ವ್ಯತ್ಯಾಸ ಹೊರಗಿಂದ ನೋಡಿದರೆ ತಿಳಿಯುವುದಿಲ್ಲ, ಮೊದಲು ಸ್ಕ್ಯಾನ್ ಆಗಬೇಕು. ಸಿಟಿ ಸ್ಕ್ಯಾನ್ ಇಲ್ಲದ ಊರಿನಲ್ಲಿ ಡಾಕ್ಟರು ಎಷ್ಟೇ ಒಳ್ಳೆಯವರಿದ್ದರೂ ಈ ಚಿಕಿತ್ಸೆ ಶುರುವಾಗುವುದಿಲ್ಲ. ಯಂತ್ರ ಇದ್ದು ಅದು ಹಗಲು ಮಾತ್ರ ನಡೆಯುವುದಾದರೆ ರಾತ್ರಿಯ ಮಟ್ಟಿಗೆ ಅದು ಇಲ್ಲದಂತೆಯೇ. ನಿದ್ದೆಯಿಂದ ಏಳುವಾಗಲೇ ಬಾಯಿ ಸೊಟ್ಟಗಾಗಿದ್ದರೆ ಶುರುವಾದದ್ದು ಯಾವಾಗ ಎಂದು ಗೊತ್ತಿರುವುದಿಲ್ಲ. ಅಂಥವರಿಗೆ ಇನ್ನೂ ವಿಶೇಷ ಸ್ಕ್ಯಾನ್ ಬೇಕು, ಅದು ಬಹುತೇಕ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ.

ಎರಡನೆಯದು ಮತ್ತೆಮತ್ತೆ ಹೋಗಬೇಕಾದವು. ಜನ ಇದನ್ನೇ ಮರೆಯುತ್ತಾರೆ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಆಸ್ಪತ್ರೆ ಎರಡು ಗಂಟೆ ದೂರದಲ್ಲಿದ್ದರೆ ದಿನದ ಎಂಟು ಗಂಟೆ ಅದಕ್ಕೇ ಹೋಯಿತು, ವಾರದಲ್ಲಿ ಮೂರು ದಿನ. ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಎಷ್ಟೋ ಜನರಿಗೆ ವಾರದಲ್ಲಿ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಪಾರ್ಶ್ವವಾಯುವಿನ ನಂತರದ ಫಿಸಿಯೋಥೆರಪಿ ತಿಂಗಳುಗಟ್ಟಲೆ. ಇಲ್ಲಿ ಆಂಬುಲೆನ್ಸಿನ ವೇಗದಿಂದ ಏನೂ ಆಗುವುದಿಲ್ಲ. ದಿನಾ ಕರೆದುಕೊಂಡು ಹೋಗುವವರು ಯಾರು ಅನ್ನುವುದೇ ಪ್ರಶ್ನೆ. ಈಗಾಗಲೇ ಮೂತ್ರಪಿಂಡದ ತೊಂದರೆ ಶುರುವಾಗಿರುವವರು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಾರದವರು ಈ ಗುಂಪನ್ನು ಮೊದಲನೆಯದಕ್ಕಿಂತಲೂ ಗಂಭೀರವಾಗಿ ನೋಡಬೇಕು.

ಮೂರನೆಯದು ಮೊದಲೇ ದಿನ ಗೊತ್ತು ಮಾಡಿಕೊಂಡು ಮಾಡಿಸುವವು. ಕಣ್ಣಿನ ಪೊರೆ, ಮಂಡಿ ಬದಲಿಸುವುದು, ವರ್ಷದ ತಪಾಸಣೆ. ಇವಕ್ಕೆ ಆಸ್ಪತ್ರೆ ಎಷ್ಟು ದೂರವಿದ್ದರೂ ಪರವಾಗಿಲ್ಲ. ಇವುಗಳ ಸಲುವಾಗಿ ನಗರದಲ್ಲೇ ಇರಬೇಕೆಂದೇನೂ ಇಲ್ಲ.

ಊರನ್ನು ಪರೀಕ್ಷಿಸುವುದು ಹೇಗೆ?

ನೋಡಿಬರಲು ಹೋಗುವವರು ಸಾಮಾನ್ಯವಾಗಿ ಒಳ್ಳೆಯ ಹವೆಯ ದಿನ, ಹಗಲಿನಲ್ಲಿ ಹೋಗುತ್ತಾರೆ. ಒಂದು ಸಲ ರಜಾದಿನದ ರಾತ್ರಿ ಆಸ್ಪತ್ರೆಗೆ ಹೋಗಿ ನೋಡಿ. ಡ್ಯೂಟಿಯಲ್ಲಿ ಡಾಕ್ಟರು ಇದ್ದಾರಾ, ಇಲ್ಲಾ ಫೋನ್ ಮಾಡಿ ಕರೆಸಬೇಕಾ? ಸಿಟಿ ಸ್ಕ್ಯಾನ್ ಈಗ ಮಾಡುತ್ತಾರಾ, ಅದನ್ನು ಯಾರು ಓದುತ್ತಾರೆ? ಹೆಪ್ಪು ಕರಗಿಸುವ ಇಂಜೆಕ್ಷನ್ ಈ ಹೊತ್ತಿನಲ್ಲಿ ಇಲ್ಲೇ ಇದೆಯಾ? ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಅಲ್ಲಿನ ನರ್ಸುಗಳು ನೇರವಾಗಿ ಹೇಳುತ್ತಾರೆ. "ಅಂಥ ಕೇಸನ್ನು ನಾವು ಮುಂದಕ್ಕೆ ಕಳಿಸುತ್ತೇವೆ" ಎಂದರೆ ಎಲ್ಲಿಗೆ, ಯಾವುದರಲ್ಲಿ, ಎಷ್ಟು ಹೊತ್ತು ಎಂದೂ ಕೇಳಿ. ಆಮೇಲೆ ಮನೆಗೆ ಆಂಬುಲೆನ್ಸ್ ಬರುವ ಹೊತ್ತನ್ನೂ ಅದಕ್ಕೆ ಸೇರಿಸಿ. ದಾರಿಯ ಸಮಯಕ್ಕೆ ಇದನ್ನು ಸೇರಿಸದೆ ಬರೀ ಕಾರಿನ ಹೊತ್ತನ್ನು ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು.

ತಜ್ಞರು ಎಷ್ಟು ಜನ ಅನ್ನುವುದೂ ಗೊತ್ತಿರಲಿ. ಊರಿಗೆಲ್ಲ ಒಬ್ಬರೇ ಹೃದಯ ತಜ್ಞರಿದ್ದರೆ ಅವರು ರಜೆ ಹಾಕಿದ ದಿನ, ಬೇರೆ ಊರಿಗೆ ಹೋದ ವರ್ಷ ಊರಿನಲ್ಲಿ ಹೃದಯ ತಜ್ಞರೇ ಇಲ್ಲ. ಇಬ್ಬರು ಮೂವರಿರುವ ಊರಿಗೂ ಒಬ್ಬರೇ ಇರುವ ಊರಿಗೂ ಬಹಳ ವ್ಯತ್ಯಾಸ.

ವಿಮೆ ಇದ್ದವರು ಹೊರಡುವ ಮೊದಲೇ ಮೂರು ವಿಷಯ ಬರೆಸಿಕೊಳ್ಳಬೇಕು. ಹೊಸ ಊರಿನ ಯಾವ ಆಸ್ಪತ್ರೆಗೆ ವಿಮೆಯವರೇ ನೇರವಾಗಿ ಹಣ ಕಟ್ಟುತ್ತಾರೆ? ಪಟ್ಟಿಯಲ್ಲಿಲ್ಲದ ಕಡೆ ಸೇರಿದರೆ ಎಷ್ಟು ವಾಪಸ್ ಬರುತ್ತದೆ? ವಿಳಾಸ ಬದಲಾದರೆ ಕಂತು, ನಿಯಮ ಏನಾದರೂ ಬದಲಾಗುತ್ತದಾ? ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯುವ ಪದ್ಧತಿಯಾದರೆ ಆ ಮೊತ್ತ ತಕ್ಷಣ ತೆಗೆಯಲು ಬರುವ ಖಾತೆಯಲ್ಲಿರಬೇಕು. ಸರ್ಕಾರ ಇಲ್ಲವೇ ಹಳೆಯ ಕಚೇರಿ ಕೊಡುವ ಆರೋಗ್ಯ ಸೌಲಭ್ಯ ವಿಳಾಸಕ್ಕೆ ಅಂಟಿಕೊಂಡಿದ್ದರೆ ಹೊಸ ಊರಿನಲ್ಲಿ ನೋಂದಣಿ ಆಗುವವರೆಗೆ ಹಳೆಯದು ನಡೆಯುತ್ತದಾ ಎಂದು ಕೇಳಿ. ಹಳೆಯ ವಿಮೆಯನ್ನು ಬಿಟ್ಟು ಹೊಸದು ಕೊಳ್ಳುವ ಯೋಚನೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಒಳ್ಳೆಯದಲ್ಲ. ಮೊದಲಿಂದ ಇರುವ ಕಾಯಿಲೆಗಳಿಗೆ ಮತ್ತೆ ಕಾಯುವ ಅವಧಿ ಶುರುವಾಗಬಹುದು.

ಈಗ ನಾಲ್ಕು ಆಯ್ಕೆಗಳು

ಅದೇ ದಂಪತಿ, ಅದೇ ಇಡುಗಂಟು, ಅದೇ ಬಡ್ಡಿ. ಆಸ್ಪತ್ರೆಗೆಂದು 1,500 ಮೀಸಲು ಬೇರೆ ಇಡುವ ಮೊದಲಿನ ಲೆಕ್ಕ.

*ಅದೇ ನಗರ, ಅಂಚಿನಲ್ಲಿ ಚಿಕ್ಕ ಮನೆ.* ಖರ್ಚು 100ರಿಂದ 88ಕ್ಕೆ ಇಳಿದರೆ ಇಡುಗಂಟು ಹದಿನೆಂಟೂವರೆ ವರ್ಷದ ಸುಮಾರು ಬರುತ್ತದೆ. ಏನೂ ಮಾಡದೆ ಇರುವುದಕ್ಕಿಂತ ಮೂರು ವರ್ಷ ಜಾಸ್ತಿ. ಹಳೆಯ ಡಾಕ್ಟರು, ಹಳೆಯ ಕಡತ, ಹಳೆಯ ಸ್ನೇಹಿತರು ಎಲ್ಲ ಉಳಿಯುತ್ತಾರೆ. ಕೆಲಸದ ಅವಕಾಶವೂ ಇಲ್ಲೇ ಜಾಸ್ತಿ. ಕಾಯಿಲೆ ಈಗಾಗಲೇ ಜೊತೆಗಿರುವವರಿಗೆ, ಎರಡನೆಯ ಗುಂಪಿನ ಚಿಕಿತ್ಸೆ ಬರಬಹುದು ಎಂದು ಡಾಕ್ಟರು ಎಚ್ಚರಿಸಿರುವವರಿಗೆ ನನ್ನ ಸಲಹೆ ಇದೇ. ಹಾಂ, ನಗರದ ಅಂಚು ಅಂದಮಾತ್ರಕ್ಕೆ ಆಸ್ಪತ್ರೆ ಹತ್ತಿರ ಎಂದಲ್ಲ. ಸಂಜೆಯ ವಾಹನ ದಟ್ಟಣೆಯಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನೋಡಿ. ಕೆಲವು ಅಂಚುಗಳು ಮುಂದಿನ ಆಯ್ಕೆಯ ಊರಿಗಿಂತ ಹೊತ್ತಿನಲ್ಲಿ ದೂರ.

*ನಗರಕ್ಕೆ ಒಂದು ಗಂಟೆಯ ಊರು.* ಖರ್ಚು 82, ಇಡುಗಂಟು ಇಪ್ಪತ್ತೂವರೆ ವರ್ಷದ ಸುಮಾರು. ಹೆಸರಿಗೆ ಎರಡರ ಅನುಕೂಲವೂ ಇದೆ. ಆದರೆ ನಗರದ ಆಸ್ಪತ್ರೆ ಹತ್ತಿರ ಅಂತ ಇಂಥ ಊರುಗಳಲ್ಲಿ ದೊಡ್ಡ ಆಸ್ಪತ್ರೆ ಬೆಳೆದಿರುವುದಿಲ್ಲ. ಆಂಬುಲೆನ್ಸ್ ಬರಲು 20 ನಿಮಿಷ, ದಾರಿ 60, ಒಳಗೆ ಸೇರಿಸಿಕೊಂಡು ತಯಾರಾಗಲು ಇನ್ನಷ್ಟು ಎಂದು ಕೂಡಿಸಿದರೆ 120 ನಿಮಿಷದ ಗಡಿಗೆ ಬಹಳ ಹತ್ತಿರ ಬರುತ್ತೇವೆ. ವಾರಕ್ಕೆ ಎರಡು ದಿನ ನಗರದಲ್ಲಿ ಕೆಲಸ ಮುಂದುವರಿಸುವವರಿಗೆ ಈ ಆಯ್ಕೆ ಚೆನ್ನ. ಜೊತೆಗೆ, ನಗರ ಬೆಳೆದಂತೆ ಇಲ್ಲಿನ ಬಾಡಿಗೆ ಬೇಗ ಏರುತ್ತದೆ ಅನ್ನುವುದು ತಿಳಿದಿರಲಿ. ಇಂದಿನ 82 ಐದು ವರ್ಷದಲ್ಲಿ ನಗರದ ಅಂಚಿನ 88ನ್ನು ಮುಟ್ಟಬಹುದು.

*ಸ್ವಂತ ಆಸ್ಪತ್ರೆ ಇರುವ ಮಧ್ಯಮ ಊರು.* ನಗರದಿಂದ ನಾಲ್ಕೈದು ಗಂಟೆ ದೂರ ಇರಲಿ, ಆದರೆ ಸುತ್ತಲಿನ ಹತ್ತಾರು ಊರಿನ ಜನ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ವೈದ್ಯಕೀಯ ಕಾಲೇಜು ಇರುವ ಊರಾದರೆ ಇನ್ನೂ ಒಳ್ಳೆಯದು. ಅಲ್ಲಿ ರಾತ್ರಿಯೂ ಡಾಕ್ಟರುಗಳಿರುತ್ತಾರೆ, ಸ್ಕ್ಯಾನ್ ನಡೆಯುತ್ತದೆ, ಒಬ್ಬ ತಜ್ಞರು ಹೋದರೆ ಇನ್ನೊಬ್ಬರು ಬರುತ್ತಾರೆ. ಖರ್ಚು 77, ಇಪ್ಪತ್ತೆರಡೂವರೆ ವರ್ಷ. ಬಾಡಿಗೆ ಮನೆಯಲ್ಲಿರುವ, ಈಗ ಆರೋಗ್ಯ ಸುಮಾರಾಗಿರುವ ಬಹುತೇಕ ದಂಪತಿಗಳಿಗೆ ನಾನು ಮೊದಲು ನೋಡಿ ಎನ್ನುವುದು ಇಂಥ ಊರನ್ನೇ. ವಿಚಿತ್ರ ಅನಿಸಬಹುದು, ಆದರೆ ತುರ್ತಿನ ಮಟ್ಟಿಗೆ ಇದು ನಗರದಿಂದ ಒಂದು ಗಂಟೆಯ ಊರಿಗಿಂತ ಸುರಕ್ಷಿತ, ಖರ್ಚೂ ಕಡಿಮೆ. ಕೊರತೆ ಇರುವುದು ಅಪರೂಪದ ಕಾಯಿಲೆಗಳಿಗೆ ಮತ್ತು ಆದಾಯದ ದಾರಿಗಳಿಗೆ.

*ದೂರದ ಪುಟ್ಟ ಊರು.* ಖರ್ಚು 66. ಕಾಗದದ ಮೇಲೆ ಇಡುಗಂಟು ಇಪ್ಪತ್ತೇಳೂವರೆ ವರ್ಷ ಬರುತ್ತದೆ, ಎಲ್ಲಕ್ಕಿಂತ ಜಾಸ್ತಿ. ಇಡುಗಂಟು ತೀರಾ ಚಿಕ್ಕದಿರುವವರಿಗೆ, ಅಲ್ಲಿ ಅಣ್ಣತಮ್ಮಂದಿರೋ ಮಕ್ಕಳೋ ಇರುವವರಿಗೆ ಇದು ನಿಜವಾದ ಆಯ್ಕೆ, ತಳ್ಳಿಹಾಕುವಂತಿಲ್ಲ. ಆದರೆ ಈ 66 ಆರೋಗ್ಯವಾಗಿರುವ, ಗಾಡಿ ಓಡಿಸುವ ಇಬ್ಬರ ಖರ್ಚು. ಒಂದು ದೊಡ್ಡ ಕಾಯಿಲೆ ಬಂದು ನಗರದಲ್ಲಿ ಎರಡು ತಿಂಗಳು ಮನೆ ಮಾಡಬೇಕಾದರೆ ಆ ವರ್ಷದ ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಹಾಗಾಗಿ ಇಲ್ಲಿಗೆ ಹೋಗುವವರು ಮೀಸಲನ್ನು ಮಧ್ಯಮ ಊರಿಗೆ ಹೋಗುವವರಿಗಿಂತ ದೊಡ್ಡದಾಗಿ ಇಡಬೇಕು. ಜೊತೆಗೆ, ಯಾವಾಗ ಇಲ್ಲಿಂದ ಹೊರಡುತ್ತೇವೆ ಎಂದು ಈಗಲೇ ಮಾತಾಡಿಕೊಂಡಿರಬೇಕು. ಒಬ್ಬರಿಗೆ ಗಾಡಿ ಓಡಿಸಲಾಗದ ದಿನ, ಇಲ್ಲವೇ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಸಲ ದೂರದ ಆಸ್ಪತ್ರೆಗೆ ಹೋಗಬೇಕಾಗಿ ಬಂದ ದಿನ, ಹೀಗೆ ಸ್ಪಷ್ಟವಾಗಿ.

ಆದಾಯದ ಮಾತು

"ಅಲ್ಲಿ ಏನಾದರೂ ಸಣ್ಣಪುಟ್ಟ ಕೆಲಸ ಮಾಡಿಕೊಂಡರಾಯಿತು" ಅನ್ನುವುದು ಎಲ್ಲರ ಯೋಜನೆಯಲ್ಲೂ ಇರುತ್ತದೆ. ಅದರ ಬೆಲೆ ಎಷ್ಟು ಎಂದು ನೋಡೋಣ. ನಮ್ಮ ದಂಪತಿ ಮಧ್ಯಮ ಊರಿನಲ್ಲಿ ಮೊದಲ ಆರು ವರ್ಷ ತಿಂಗಳಿಗೆ 15 ಗಳಿಸಿದರೆ ಇಡುಗಂಟು ಸುಮಾರು ಒಂದೂವರೆ ವರ್ಷ ಹೆಚ್ಚು ಬರುತ್ತದೆ. ಉಪಯೋಗ ಇದೆ, ಆದರೆ ಊರು ಬದಲಿಸಿದ್ದರಿಂದ ಬಂದ ಏಳು ವರ್ಷದ ಮುಂದೆ ಚಿಕ್ಕದು. ಆ ಕೆಲಸ ಸಿಗದಿದ್ದರೂ ಯೋಜನೆ ಮುರಿಯುವುದಿಲ್ಲ ಎಂದಾದರೆ ಮಾತ್ರ ಹೊರಡಿ. ಕೆಲಸದ ಇನ್ನೊಂದು ಲಾಭ ಬೇರೆ. ಮೊದಲ ಕೆಲವು ವರ್ಷದಲ್ಲೇ ಷೇರು ಇತ್ಯಾದಿ ಕುಸಿದರೆ, ಬಿದ್ದ ಬೆಲೆಗೆ ಮಾರಿ ಮನೆ ನಡೆಸುವುದು ತಪ್ಪುತ್ತದೆ. ನಿವೃತ್ತಿಯ ಶುರುವಿನ ಕುಸಿತ ಕೊನೆಯ ವರ್ಷಗಳ ಕುಸಿತಕ್ಕಿಂತ ಬಹಳ ಹೆಚ್ಚು ಹಾನಿ ಮಾಡುತ್ತದೆ, ಯಾಕೆಂದರೆ ಮಾರಿದ ಭಾಗ ಮತ್ತೆ ಬೆಳೆಯಲು ಇರುವುದೇ ಇಲ್ಲ.

ಹಳೆಯ ಗ್ರಾಹಕರಿಗೆ ದೂರದಿಂದಲೇ ಕೆಲಸ ಮಾಡುವವರಾದರೆ ಆ ಸಂಬಂಧವನ್ನು ನಗರ ಬಿಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಊರಿಗೆ ಹೋದ ಮೇಲೆ ಹೊಸಬರನ್ನು ಹುಡುಕುವುದು ಕಷ್ಟ. ಊರಿನೊಳಗಿನ ಕೆಲಸಕ್ಕೆ ಕೂಲಿಯೂ ಊರಿನ ಲೆಕ್ಕದಲ್ಲೇ ಇರುತ್ತದೆ, ನಗರದ ಸಂಬಳವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಈಗ ನಗರದಲ್ಲಿ ಸ್ವಂತ ಮನೆ ಇರುವವರ ವಿಷಯ. ಬಾಡಿಗೆಗೆ ಕೊಟ್ಟರೆ ಬರುವ ಆದಾಯಕ್ಕೆ ಒಂದು ದೊಡ್ಡ ಗುಣವಿದೆ. ಅದು ಸಾಮಾನ್ಯವಾಗಿ ಬೆಲೆಯ ಜೊತೆ ಏರುತ್ತದೆ. ಏರದ ಪಿಂಚಣಿಯ ಪಕ್ಕದಲ್ಲಿ ಇಂಥದ್ದೊಂದು ಇರುವುದು ತುಂಬಾ ಮುಖ್ಯ. ಜೊತೆಗೆ ವಾಪಸ್ ಬರುವ ಬಾಗಿಲೂ ತೆರೆದಿರುತ್ತದೆ. ಆದರೆ ವರ್ಷಕ್ಕೆ 12 ತಿಂಗಳ ಬಾಡಿಗೆ ಎಂದು ಎಣಿಸಬೇಡಿ. ಖಾಲಿ ಬೀಳುವುದು, ರಿಪೇರಿ, ತೆರಿಗೆ, ನೋಡಿಕೊಳ್ಳುವವರಿಗೆ ಕೊಡುವುದು ಎಲ್ಲ ಕಳೆದು 9 ತಿಂಗಳದ್ದು ಕೈಗೆ ಬರುತ್ತದೆ ಎಂದು ಹಿಡಿದರೆ ನೆಮ್ಮದಿ.

ಇಡುಗಂಟು ತೀರಾ ಕಡಿಮೆ ಇದ್ದು, ದುಡ್ಡೆಲ್ಲ ಮನೆಯಲ್ಲೇ ಸಿಕ್ಕಿಕೊಂಡಿದ್ದರೆ ಮಾರುವುದು ಸರಿ. ಆದರೂ ಹೊಸ ಊರಿನಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದ ಮೇಲೆ ಮಾರಿ. ಒಂದು ವರ್ಷ ಅಂದರೆ ಎಲ್ಲ ಋತುಗಳನ್ನೂ ನೋಡಿದ ಹಾಗಾಯಿತು, ಅಲ್ಲಿನ ಡಾಕ್ಟರ ಬಳಿ ಹತ್ತಾರು ಸಲ ಹೋಗಿದ್ದಾಯಿತು, ನಿಜವಾದ ಖರ್ಚು 77ಕ್ಕೆ ನಿಲ್ಲುತ್ತದಾ, 85 ಆಗುತ್ತದಾ ಗೊತ್ತಾಯಿತು. ಮಾರಿದ ಮೇಲೆ ನಗರದಲ್ಲಿ ಅದೇ ಥರದ ಮನೆಯನ್ನು ಮತ್ತೆ ಕೊಳ್ಳಲು ಬಹಳ ಜನರಿಗೆ ಆಗುವುದಿಲ್ಲ. ಆ ಒಂದು ವರ್ಷದ ಬಾಡಿಗೆ ದಂಡ ಅಲ್ಲ.

ಒಬ್ಬರೇ ಉಳಿದಾಗ

ಇದನ್ನು ಮಾತಾಡಲು ಯಾರಿಗೂ ಇಷ್ಟವಿರುವುದಿಲ್ಲ, ಆದರೆ ಊರು ಆರಿಸುವಾಗ ಮಾತಾಡಲೇಬೇಕು. ಎಷ್ಟೋ ಪಿಂಚಣಿಗಳು ಒಬ್ಬರು ತೀರಿಕೊಂಡರೆ ಉಳಿದವರಿಗೆ ಪೂರ್ತಿ ಬರುವುದಿಲ್ಲ. ನಿಮ್ಮದರಲ್ಲಿ ಎಷ್ಟು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 45 ಅರ್ಧವಾಗಿ 22.5 ಆಗುತ್ತದೆ ಎನ್ನೋಣ. ಖರ್ಚು ಮಾತ್ರ ಅರ್ಧವಾಗುವುದಿಲ್ಲ, ಮನೆ ಬಾಡಿಗೆ ಇಬ್ಬರಿಗೂ ಅಷ್ಟೇ, ಒಬ್ಬರಿಗೂ ಅಷ್ಟೇ. 77 ಇಳಿದು 52ರ ಸುಮಾರಿಗೆ ನಿಂತರೆ ಕೊರತೆ 30ರ ಹತ್ತಿರ, ಮೊದಲಿನ 32ಕ್ಕೆ ಹೆಚ್ಚೂಕಡಿಮೆ ಸಮ. ದುಡ್ಡಿನ ಮಟ್ಟಿಗೆ ಮುಳುಗುವುದಿಲ್ಲ. ಆದರೆ ಈಗ ಮನೆಗೆ ಬಂದು ನೋಡಿಕೊಳ್ಳುವವರಿಗೆ ಕೊಡಬೇಕು, ಆಸ್ಪತ್ರೆಗೆ ಜೊತೆಗೆ ಬರುವವರು ಬೇಕು. ಆ ಹಣ 52ರಲ್ಲಿ ಸೇರಿಲ್ಲ.

ಹಾಗಾಗಿ ಪ್ರತಿ ಊರಿಗೂ ಈ ಒಂದು ಪ್ರಶ್ನೆ ಕೇಳಿ ನೋಡಿ. ಗಾಡಿ ಓಡಿಸಲು ಬಾರದ, ವಯಸ್ಸು 78 ದಾಟಿದ ಒಬ್ಬರೇ ಇಲ್ಲಿ ಇರಬಹುದಾ? ಔಷಧದಂಗಡಿಗೆ ನಡೆದು ಹೋಗಬಹುದಾ? ಬ್ಯಾಂಕಿನ ಕೆಲಸ, ವಿಮೆಯ ಕಾಗದಪತ್ರ ಅವರಿಗೆ ಗೊತ್ತಾ? ರಾತ್ರಿ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಬರುವವರು ಒಬ್ಬರಾದರೂ ಇದ್ದಾರಾ? ಮನೆಯ ದುಡ್ಡಿನ ವ್ಯವಹಾರ ಇಷ್ಟು ದಿನ ನೋಡದೆ ಇದ್ದವರು ಯಾರೋ, ಊರನ್ನು ಮೊದಲು ನೋಡಿ ಒಪ್ಪಬೇಕಾದವರು ಅವರೇ. ಒಬ್ಬರೇ ಇರಲಾಗದು ಅನ್ನುವ ಉತ್ತರ ಬಂದರೂ ಆ ಊರನ್ನು ಪೂರ್ತಿ ಬಿಡಬೇಕಿಲ್ಲ. ಹತ್ತು ವರ್ಷ ಅಲ್ಲಿದ್ದು, ಆಮೇಲೆ ಮಕ್ಕಳ ಹತ್ತಿರಕ್ಕೋ ದೊಡ್ಡ ಆಸ್ಪತ್ರೆಯ ಹತ್ತಿರಕ್ಕೋ ಬರುವ ಯೋಜನೆಯೂ ಆಗಬಹುದು. ಹಾಗೆ ಮಾಡುವವರು ಆ ಊರಿನಲ್ಲಿ ಮನೆ ಕೊಳ್ಳಬಾರದು, ಬಾಡಿಗೆಗೇ ಇರಬೇಕು. ಪುಟ್ಟ ಊರಿನ ಮನೆ ಬೇಕಾದಾಗ ಮಾರಾಟವಾಗುವುದಿಲ್ಲ, ಹೊರಡಲೇಬೇಕಾದ ತಿಂಗಳಲ್ಲಂತೂ ಒಳ್ಳೆಯ ಬೆಲೆಗೆ ಆಗುವುದೇ ಇಲ್ಲ.